ಎರಡನೇ ಮಗ್ಗ

ಕಿರುಚಿತ್ರದ ಚಿತ್ರಕಥೆ. ಅವಧಿ ಸುಮಾರು 8 ನಿಮಿಷ.

ಸ್ಥಳ: ಬಾಗಲಕೋಟೆ ಜಿಲ್ಲೆಯ ಇಳಕಲ್. ನೇಕಾರರ ಮನೆಯ ಒಂದೇ ಕೋಣೆ. ರಾತ್ರಿ.

ಪಾತ್ರಗಳು: ರೇಣುಕಾ, 19 ವರ್ಷ. ಬಾಗಿಲ ಹೊರಗಿನ ಗಂಡಸು. ಪಕ್ಕದ ಮನೆಯ ಶಾಂತಮ್ಮ ಮತ್ತು ಅವಳ ಮಗ ಬಸು, ಇಬ್ಬರದೂ ಬರೀ ದನಿ.

ತಂಡಕ್ಕೆ: ಒಂದು ಫೋನ್ ಕ್ಯಾಮೆರಾ, ಒಂದು ಸ್ಟ್ಯಾಂಡ್, ಕೋಣೆಯಲ್ಲಿರುವ ಬಲ್ಬ್ ಸಾಕು. ಇರುವ ದುಡ್ಡೆಲ್ಲ ಒಳ್ಳೆ ಮೈಕಿಗೆ ಹೋಗಲಿ. ಹಿನ್ನೆಲೆ ಸಂಗೀತ ಬೇಡವೇ ಬೇಡ. ಮಗ್ಗ, ಚಿಲಕ, ಚಪ್ಪಲಿ ಇವುಗಳ ಸದ್ದನ್ನು ಕಿಟಕಿಗೆ ಕೌದಿ ಕಟ್ಟಿ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಗಂಡಸಿನ ಮುಖ ಯಾವ ಶಾಟ್‌ನಲ್ಲೂ ಕಾಣಬಾರದು.

ದೃಶ್ಯ 1

ಕತ್ತಲೆ ಪರದೆ. ಮಗ್ಗದ ಸದ್ದು ಮಾತ್ರ. ಲಾಳಿ ಓಡುತ್ತದೆ, ಹಲಗೆ ಬಡಿಯುತ್ತದೆ.

ಕ್ಯಾಮೆರಾ ಕುಣಿಮಗ್ಗದ ಗುಂಡಿಯೊಳಗಿದೆ. ರೇಣುಕಾಳ ಬರಿಗಾಲು ತುಳಿಯುತ್ತಿವೆ. ಸೊಂಟದವರೆಗೂ ಅವಳು ನೆಲದ ಕೆಳಗೇ ಇದ್ದಾಳೆ. ತಟ್ಟನೆ ಎದ್ದು ಓಡಲಾರಳು. ಇದು ನೋಡುವವರಿಗೆ ಮೊದಲೇ ಗೊತ್ತಾಗಬೇಕು. ಹಾಗಾಗಿ ಈ ಶಾಟ್ ಬೇಗ ಕತ್ತರಿಸಬೇಡಿ.

ಅಗಲ ಶಾಟ್. ಮುಂದೆ ಕೆಂಪು ಸೆರಗಿನ ಅರ್ಧ ನೇಯ್ದ ಸೀರೆ. ಎಡಕ್ಕೆ ಅಪ್ಪನ ಮಗ್ಗ, ಖಾಲಿ. ಬಲ ಅಂಚಿನಲ್ಲಿ ಬಾಗಿಲು, ಅರ್ಧ ಮಾತ್ರ ಫ್ರೇಮಿನೊಳಗೆ. ಇನ್ನು ಮುಂದೆ ಎಲ್ಲ ಅಗಲ ಶಾಟ್‌ಗಳಲ್ಲೂ ಬಾಗಿಲು ಹೀಗೆ ಅರ್ಧವೇ ಇರಲಿ.

ಬಾಗಿಲು ಬಡಿತ, ಮೂರು ಸಲ. ಮಗ್ಗ ನಿಲ್ಲುತ್ತದೆ.

ಗಂಡಸು: ಸಾವಕಾರ್ರು ಕಳಿಸ್ಯಾರ. ಸೀರಿ ಒಯ್ಯಾಕ ಬಂದೀನಿ.

ರೇಣುಕಾ: ಇಷ್ಟೊತ್ನ್ಯಾಗ? ಮುಂಜಾನಿ ಬರ್ರಿ.

ಗಂಡಸು: ನಿಮ್ಮಪ್ಪನ್ನ ಕರಿಯವ್ವ.

ಬಾಗಿಲ ಕೆಳಗಿನ ಬೆಳಕಿನ ಗೆರೆ. ಅದರಲ್ಲಿ ಎರಡು ಕಾಲಿನ ನೆರಳು. ರೇಣುಕಾ ಅಪ್ಪನ ಮಗ್ಗ ನೋಡುತ್ತಾಳೆ.

ರೇಣುಕಾ: ಅಪ್ಪ ನೇಯಾಕತ್ತಾನ್ರಿ. ಏಳಂಗಿಲ್ಲ.

ಗಂಡಸು: ಹೌದಾ? ಸಪ್ಪಳನ ಇಲ್ಲಲ್ಲ.

ದೃಶ್ಯ 2

ರೇಣುಕಾಳ ಕೈ, ಹತ್ತಿರದಿಂದ. ಸಿಮ್ ಇಲ್ಲದ ಹಳೆ ಫೋನ್, ಹಾಡು ಕೇಳಲು ಇಟ್ಟುಕೊಂಡದ್ದು. ಪರದೆಯ ಮೇಲೆ ರೆಕಾರ್ಡಿಂಗ್ ಒಂದರ ಹೆಸರು: 'ಅಪ್ಪನ ಮಗ್ಗ'. ಚಾರ್ಜ್ 3%. ಒತ್ತುತ್ತಾಳೆ. ಫೋನನ್ನು ಖಾಲಿ ಸ್ಟೀಲ್ ಕೊಡದೊಳಗೆ ಇಳಿಸುತ್ತಾಳೆ.

ಕೊಡದಿಂದ ಮಗ್ಗದ ಸದ್ದು ದೊಡ್ಡದಾಗಿ ಹೊಮ್ಮುತ್ತದೆ. ನಡುವೆ ಅಪ್ಪನ ಕೆಮ್ಮು, ಎರಡು ಸಲ. ಅವಳೂ ನೇಯಲು ಶುರು ಮಾಡುತ್ತಾಳೆ. ಈಗ ಎರಡು ಮಗ್ಗ.

ನೆರಳು ಸರಿಯುತ್ತದೆ. ಬೆಳಕಿನ ಗೆರೆ ತುಂಬುತ್ತದೆ.

ಅವಳ ಮುಖದ ಮೇಲೆ ಕ್ಯಾಮೆರಾ ನಿಲ್ಲಲಿ. ಉಸಿರು ಬಿಡುತ್ತಾಳೆ. ನೋಡುವವರೂ ಬಿಡಲಿ. ರೆಕಾರ್ಡಿಂಗ್ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅದೇ ಲಯ. ಅದೇ ಕೆಮ್ಮು, ಎರಡು ಸಲ.

ದನಿ ಈಗ ಬಾಗಿಲಿಂದಲ್ಲ, ಅವಳ ಬೆನ್ನ ಹಿಂದಿನ ಕಿಟಕಿಯಿಂದ.

ಗಂಡಸು: ನಿಮ್ಮಪ್ಪ ಆಗಳೂ ಹಿಂಗ ಕೆಮ್ಮಿದ.

ರೇಣುಕಾ ತಿರುಗುವುದಿಲ್ಲ. ಕ್ಯಾಮೆರಾವೂ ತಿರುಗಬಾರದು. ಕಿಟಕಿ ತೋರಿಸಿದರೆ ಭಯ ಅಲ್ಲಿಗೇ ಮುಗಿಯಿತು.

ಕೊಡದೊಳಗೆ ಫೋನ್ ಸತ್ತುಹೋಗುತ್ತದೆ. ಒಂದೇ ಮಗ್ಗ. ಅದೂ ನಿಧಾನವಾಗುತ್ತದೆ.

ದೃಶ್ಯ 3

ಗೋಡೆಯಾಚೆಯಿಂದ ಮುದುಕಿಯ ದನಿ, ನಿದ್ದೆಗಣ್ಣಿನದು.

ಶಾಂತಮ್ಮ: ರೇಣವ್ವಾ, ನಿಮ್ಮಪ್ಪ ದವಾಖಾನ್ಯಾಗ ಅದಾನಲ್ಲ, ಅವನ ಮಗ್ಗ ಯಾರು ನಡಸಾಕತ್ತಾರ?

ಮೌನ. ಇಲ್ಲಿ ಸದ್ದನ್ನು ಪೂರ್ತಿ ತೆಗೆಯಬೇಡಿ. ಬಲ್ಬಿನ ಗುಂಯ್ ಉಳಿಯಲಿ.

ಚಪ್ಪಲಿ ಸದ್ದು ಕಿಟಕಿಯಿಂದ ಬಾಗಿಲಿಗೆ ಬರುತ್ತದೆ. ಅವಸರವಿಲ್ಲದ ನಡಿಗೆ. ನೆರಳು ಮತ್ತೆ ಬರುತ್ತದೆ. ಬಾಗಿಲಿಗೆ ಭುಜ ತಾಗಿದ ಸದ್ದು. ಚಿಲಕದ ಸ್ಕ್ರೂ, ತೀರ ಹತ್ತಿರದಿಂದ. ಅದು ಒಂದೆಳೆಯಷ್ಟು ಹೊರಗೆ ಬರುತ್ತದೆ.

ರೇಣುಕಾ ಗುಂಡಿಯಿಂದ ಏಳಲು ನೋಡುತ್ತಾಳೆ. ಕಾಲು ಜೋಮು ಹಿಡಿದಿವೆ. ಕೂಗಲು ಬಾಯಿ ತೆರೆಯುತ್ತಾಳೆ, ದನಿ ಬರುವುದಿಲ್ಲ. ಹಲಗೆ ಹಿಡಿಯುತ್ತಾಳೆ. ಲಾಳಿ ಇಲ್ಲದೆ, ತುಳಿತ ಇಲ್ಲದೆ ಬಡಿಯುತ್ತಾಳೆ. ಧಡ್ ಧಡ್ ಧಡ್ ಧಡ್. ನೂಲು ಪಟಪಟ ಹರಿಯುತ್ತದೆ. ತಿಂಗಳ ಕೂಲಿ ಹಾಳಾಗುತ್ತಿದೆ. ಅವಳು ನಿಲ್ಲಿಸುವುದಿಲ್ಲ.

ಶಾಂತಮ್ಮ (ನಿದ್ದೆ ಹಾರಿದೆ): ಬಸ್ಯಾ, ಏಳೋ! ಹಿಂಗ ಯಾರೂ ನೇಯಂಗಿಲ್ಲ! ಹುಡುಗಿಗೆ ಏನೋ ಆಗೈತಿ!

ಪಕ್ಕದ ಮನೆಯ ಅಗಳಿ. ನಾಯಿ. ಇನ್ನೊಂದು ಬಾಗಿಲು. ನೆರಳು ಒಮ್ಮೆಲೇ ಮಾಯ. ಓಡುವ ಚಪ್ಪಲಿ ಸದ್ದು ದೂರವಾಗುತ್ತದೆ.

ರೇಣುಕಾ ತೆವಳಿ ಬಾಗಿಲ ಹತ್ತಿರ ಬರುತ್ತಾಳೆ. ಈಗ ಮೊದಲ ಸಲ ಬಾಗಿಲು ಪೂರ್ತಿ ಫ್ರೇಮಿನೊಳಗೆ. ಬೆಳಕಿನ ಗೆರೆಯಲ್ಲಿ ಮತ್ತೆ ಎರಡು ಕಾಲು.

ಗಂಡು ದನಿ: ರೇಣವ್ವಾ, ನಾ ಬಸು. ಬಾಗಲಾ ತಗಿ.

ಅವಳ ಕೈ ಚಿಲಕದ ಮೇಲಿದೆ. ತೆಗೆಯುವುದಿಲ್ಲ.

ರೇಣುಕಾ: ಆಯಿ ಮಾತಾಡ್ಲಿ. ಆಮ್ಯಾಲ ತಗೀತೀನಿ.

ಕತ್ತಲೆ ಪರದೆ.