ಮೂರು ಅಂಕ ಕೇಳಿದ ನಿಮ್ಮ ಪತ್ರಕ್ಕೆ ಉತ್ತರ

ನಮಸ್ಕಾರ.

ನಿನ್ನೆ ನೀವಿಬ್ಬರೂ ಶಾಲೆಗೆ ಬಂದು ಕೊಟ್ಟುಹೋದ ಪತ್ರವನ್ನು ಎರಡು ಸಲ ಓದಿದೆ. ಮಗಳ ಗಣಿತದ ಅಂಕ 61 ಇರುವುದನ್ನು 64 ಮಾಡಿಕೊಡಿ, 80ಕ್ಕೆ 64 ಬಂದರೆ ಎ ಗ್ರೇಡ್ ಆಗುತ್ತದೆ ಎಂದು ಕೇಳಿದ್ದೀರಿ. ನಿಮ್ಮನ್ನು ಕಾಯಿಸುವುದು ಬೇಡ, ಮೊದಲೇ ಹೇಳಿಬಿಡುತ್ತೇನೆ. ಅಂಕ ಬದಲಾಯಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುವುದು ನನ್ನ ಕರ್ತವ್ಯ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಅವಳ ಉತ್ತರ ಪತ್ರಿಕೆ ತೆಗೆದು ಮೊದಲ ಪುಟದಿಂದ ಮತ್ತೆ ನೋಡಿದೆ. ಯಾವ ಉತ್ತರವಾದರೂ ನನ್ನ ಕಣ್ಣು ತಪ್ಪಿಸಿಕೊಂಡಿದೆಯಾ, ಒಟ್ಟು ಕೂಡಿಸುವಾಗ ಎಲ್ಲಾದರೂ ತಪ್ಪಾಗಿದೆಯಾ ಎಂದು ಹುಡುಕಿದೆ. ನನ್ನ ಕಡೆಯಿಂದ ಅರ್ಧ ಅಂಕ ಬಿಟ್ಟುಹೋಗಿದ್ದರೂ ನೀವು ಕೇಳದೆಯೇ ಸರಿಪಡಿಸುತ್ತಿದ್ದೆ. ಹಾಗೇನೂ ಸಿಗಲಿಲ್ಲ. ಒಟ್ಟು 61 ಸರಿಯಾಗಿಯೇ ಇದೆ.

ನೀವು ಹೆಚ್ಚು ಬೇಸರ ಮಾಡಿಕೊಂಡಿದ್ದು 17ನೇ ಪ್ರಶ್ನೆಯ ಬಗ್ಗೆ. "ವಿಧಾನ ಸರಿ ಇದೆ, ಒಂದು ಸಣ್ಣ ತಪ್ಪಿಗೆ 3 ಅಂಕ ಕಳೆದಿದ್ದೀರಿ" ಎಂದು ಬರೆದಿದ್ದೀರಿ. ಪ್ರಶ್ನೆಯಲ್ಲಿದ್ದ ಸಮೀಕರಣ ಇದು:

3(x − 4) = 2x + 5

ಅವಳು ಬ್ರಾಕೆಟ್ ಬಿಡಿಸಿ 3x − 4 ಎಂದು ಬರೆದಿದ್ದಾಳೆ. 3ರಿಂದ x ಅನ್ನು ಗುಣಿಸಿದಳು, 4 ಅನ್ನು ಗುಣಿಸಲು ಮರೆತಳು. ಅಲ್ಲಿ 3x − 12 ಬರಬೇಕಿತ್ತು. ಹಾಗಾಗಿ 17 ಬರಬೇಕಾದ ಉತ್ತರ 9 ಬಂತು. ಈ ಪ್ರಶ್ನೆಗೆ 4 ಅಂಕ. ಬ್ರಾಕೆಟ್ ಬಿಡಿಸಿದ್ದಕ್ಕೆ 1, ಪಕ್ಷಾಂತರಕ್ಕೆ 1, ಉತ್ತರಕ್ಕೆ 1, ತಾಳೆ ನೋಡಿದ್ದಕ್ಕೆ 1. ಪಕ್ಷಾಂತರ ಅವಳು ಚೊಕ್ಕವಾಗಿ ಮಾಡಿದ್ದಾಳೆ, ಆ 1 ಅಂಕ ಕೊಟ್ಟಿದ್ದೇನೆ. ತಾಳೆ ನೋಡೇ ಇಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. 9 ಹಾಕಿ ನೋಡಿದ್ದರೆ ಎಡಗಡೆ 15, ಬಲಗಡೆ 23 ಬರುತ್ತಿತ್ತು. ಅರ್ಧ ನಿಮಿಷದಲ್ಲಿ ತಪ್ಪು ಅವಳ ಕೈಗೇ ಸಿಕ್ಕಿಬಿಡುತ್ತಿತ್ತು.

ಇದೇ ತಪ್ಪನ್ನು ತರಗತಿಯಲ್ಲಿ ಇನ್ನೂ 6 ಮಕ್ಕಳು ಮಾಡಿದ್ದಾರೆ. ಅವರಿಗೂ ಅಷ್ಟೇ ಅಂಕ ಸಿಕ್ಕಿದೆ. ಅವರಲ್ಲಿ ಒಂದು ಮಗುವಿಗೆ ಒಟ್ಟು 63 ಬಂದಿದೆ, ಎ ಗ್ರೇಡ್ ಒಂದೇ ಅಂಕದಲ್ಲಿ ಹೋಯಿತು. ಆ ಮಗುವಿನ ಮನೆಯಿಂದ ಯಾರೂ ಬಂದು ಕೇಳಿಲ್ಲ. ನಿಮ್ಮ ಮಗಳಿಗೆ ಮಾತ್ರ 3 ಅಂಕ ಸೇರಿಸಿ ನಾಳೆ ಆ ಮಗುವಿನ ಮುಂದೆ ನಿಂತು ಪಾಠ ಮಾಡಲು ನನ್ನಿಂದ ಆಗುವುದಿಲ್ಲ. "ಮೂರೇ ಅಂಕ, ಕೊಟ್ಟರೆ ನಿಮಗೇನು ನಷ್ಟ" ಎಂದು ಕೇಳಿದಿರಲ್ಲ, ನಷ್ಟ ಆಗುವುದು ಆ ಮಗುವಿಗೆ.

ಇನ್ನೊಂದು ವಿಷಯ ನಿಮಗೆ ತಿಳಿದಿರಲಿಕ್ಕಿಲ್ಲ. ಉತ್ತರ ಪತ್ರಿಕೆ ಕೊಟ್ಟ ದಿನ ಅವಳು ನನ್ನ ಮೇಜಿನ ಹತ್ತಿರ ಬಂದು, 17ನೇ ಲೆಕ್ಕದ ಮೇಲೆ ಬೆರಳಿಟ್ಟು, "ಮಿಸ್, ಇಲ್ಲಿ ನಾಲ್ಕನ್ನೂ ಗುಣಿಸಬೇಕಿತ್ತು ಅಲ್ವಾ?" ಅಂದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ, ಅವಳೇ ಕಂಡುಹಿಡಿದಿದ್ದಳು. ಆಗ ಅವಳ ಮುಖದಲ್ಲಿ ಬೇಸರಕ್ಕಿಂತ ಗೊತ್ತಾಯಿತಲ್ಲ ಅನ್ನೋ ಖುಷಿಯೇ ಜಾಸ್ತಿ ಇತ್ತು. ಈಗ ನಾನು ಸುಮ್ನೆ 64 ಅಂತ ತಿದ್ದಿದರೆ, ಆ ಅಂಕ ಎಲ್ಲಿಂದ ಬಂತು ಅನ್ನೋದು ಅವಳಿಗೆ ಗೊತ್ತೇ ಇರುತ್ತದೆ.

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಗ್ರೇಡ್ ನೋಡಿ ನೆಂಟರು, ಪಕ್ಕದ ಮನೆಯವರು ಏನೇನೋ ಅನ್ನುತ್ತಾರೆ ಎಂದು ನಿನ್ನೆ ಹೇಳಿದಿರಿ. ಆದರೆ ದಯವಿಟ್ಟು ಈ 3 ಅಂಕದ ಮಾತನ್ನು ಅವಳ ಎದುರು ಮತ್ತೆ ಮತ್ತೆ ಎತ್ತಬೇಡಿ. ಕಳೆದ ಕಿರುಪರೀಕ್ಷೆಯಲ್ಲಿ ಸಮೀಕರಣದ ಲೆಕ್ಕಗಳನ್ನು ಅವಳು ಮುಟ್ಟಿಯೇ ಇರಲಿಲ್ಲ. ಈ ಸಲ ಐದನ್ನೂ ಮಾಡಿದ್ದಾಳೆ, ಮೂರು ಪೂರ್ತಿ ಸರಿ.

ಶನಿವಾರ ಬೆಳಿಗ್ಗೆ 11 ಗಂಟೆಗೆ ಬಿಡುವಿದ್ದರೆ ಇಬ್ಬರೂ ಬನ್ನಿ, ಅವಳನ್ನೂ ಕರೆದುಕೊಂಡು ಬನ್ನಿ. ಉತ್ತರ ಪತ್ರಿಕೆಯನ್ನು ಮುಂದಿಟ್ಟುಕೊಂಡು ಪುಟ ಪುಟ ನೋಡೋಣ. ಎಲ್ಲಾದರೂ ನನ್ನ ತಪ್ಪು ಕಂಡರೆ ತೋರಿಸಿ, ಅಲ್ಲೇ ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ ತಿದ್ದಿಸುತ್ತೇನೆ. ಮುಂದಿನ ವಾರದಿಂದ ಬುಧವಾರ ಮತ್ತು ಶುಕ್ರವಾರ ಶಾಲೆ ಬಿಟ್ಟ ಮೇಲೆ 40 ನಿಮಿಷ ಆ 7 ಮಕ್ಕಳನ್ನೂ ಕೂರಿಸಿಕೊಂಡು ಬ್ರಾಕೆಟ್ ಬಿಡಿಸುವುದು, ತಾಳೆ ನೋಡುವುದು ಇವೆರಡನ್ನೇ ಮಾಡಿಸಬೇಕು ಅಂದುಕೊಂಡಿದ್ದೇನೆ. ಅವಳನ್ನು ಆ ಎರಡು ದಿನ ತಡವಾಗಿ ಕರೆದುಕೊಂಡು ಹೋಗಲು ನಿಮಗೆ ಆಗುತ್ತದಾ ಎಂದು ಶನಿವಾರವೇ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಗಣಿತ ಶಿಕ್ಷಕಿ, 8ನೇ ತರಗತಿ