ಪ್ರಬಂಧ ಸಲ್ಲಿಕೆಯ ಗಡುವನ್ನು ವಿಸ್ತರಿಸುವಂತೆ ಕೋರಿ ಪತ್ರ

ಡೊಂಬಿವಲಿ
13 ಆಗಸ್ಟ್ 2025

ಇವರಿಂದ:
ಸ್ವಾತಿ
ಎಂ.ಎ. (ಕನ್ನಡ), ಎರಡನೆಯ ವರ್ಷ

ಇವರಿಗೆ:
ಮಾರ್ಗದರ್ಶಕ ಪ್ರಾಧ್ಯಾಪಕರು
ಕನ್ನಡ ವಿಭಾಗ, ಮುಂಬಯಿ

ವಿಷಯ: ಲ್ಯಾಪ್‌ಟಾಪ್ ಕೆಟ್ಟು ಅಸೈನ್‌ಮೆಂಟ್ ಕಡತ ನಾಶವಾದ ಕಾರಣ ಸೆಪ್ಟೆಂಬರ್ 1ರವರೆಗೆ ಕಾಲಾವಕಾಶ ಕೋರಿ.

ಮಾನ್ಯ ಮೇಡಂ,

ನಮಸ್ಕಾರಗಳು. ‘ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಮತ್ತು ಹೋಟೆಲ್ ಕಾರ್ಮಿಕರು’ ಎಂಬ ನನ್ನ ಪ್ರಬಂಧವನ್ನು ಬರುವ ಸೋಮವಾರ, ಆಗಸ್ಟ್ 18ರಂದು ತಮಗೆ ಒಪ್ಪಿಸಬೇಕಾಗಿತ್ತು. ಅದನ್ನು ಸೆಪ್ಟೆಂಬರ್ 1ರ ಸೋಮವಾರ ಒಪ್ಪಿಸಲು ದಯವಿಟ್ಟು ಅನುಮತಿ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಕಳೆದ ಭಾನುವಾರ ರಾತ್ರಿ ಕೊನೆಯ ಅಧ್ಯಾಯವನ್ನು ತಿದ್ದುತ್ತಿದ್ದಾಗ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ಬೆರಳಿಟ್ಟ ಕೀಲಿ ಕೆಲಸ ಮಾಡಲಿಲ್ಲ, ತೆರೆಯ ಮೇಲಿನ ಸಾಲು ಅರ್ಧಕ್ಕೇ ನಿಂತಿತ್ತು. ಆರಿಸಿ ಮತ್ತೆ ಹಾಕಿದಾಗ ಕಪ್ಪು ತೆರೆಯ ಮೇಲೆ No bootable device ಎಂಬ ಒಂದೇ ಸಾಲು ಬಂತು. ಅಂದಿನಿಂದ ಇಂದಿನವರೆಗೂ ಅದೇ ಸಾಲು.

ಸೋಮವಾರ ಬೆಳಗ್ಗೆಯೇ ಅದನ್ನು ಲ್ಯಾಮಿಂಗ್ಟನ್ ರೋಡಿನ ರಿಪೇರಿ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯವರು ಕಡತಗಳನ್ನು ಉಳಿಸಿಡುವ ಒಳಗಿನ ಎಸ್‌ಎಸ್‌ಡಿಯನ್ನು ಬಿಚ್ಚಿ, ಬೇರೆ ಕಂಪ್ಯೂಟರಿಗೆ ಜೋಡಿಸಿ ನನ್ನ ಎದುರೇ ಪರೀಕ್ಷಿಸಿದರು. ಆ ಕಂಪ್ಯೂಟರಿಗೂ ಅದು ಕಾಣಿಸಲಿಲ್ಲ. ಅದರ ಕಂಟ್ರೋಲರ್ ಚಿಪ್ ಸತ್ತಿದೆ ಎಂದರು. ಬರೆದದ್ದೆಲ್ಲ ಎಸ್‌ಎಸ್‌ಡಿಯ ಒಳಗಿನ ಚಿಪ್‌ಗಳಲ್ಲಿ ತುಂಡುತುಂಡಾಗಿ ಹರಡಿರುತ್ತದೆ. ಯಾವ ತುಂಡು ಎಲ್ಲಿದೆ ಎಂಬ ಲೆಕ್ಕವನ್ನು ಇಟ್ಟುಕೊಂಡಿರುವುದು ಆ ಕಂಟ್ರೋಲರ್. ಅದೇ ಹೋದ ಮೇಲೆ ಚಿಪ್‌ಗಳು ಚೆನ್ನಾಗಿದ್ದರೂ ಅವುಗಳಿಂದ ಕಡತವನ್ನು ಓದಿ ತೆಗೆಯುವುದು ಸಾಮಾನ್ಯ ಅಂಗಡಿಯ ಕೆಲಸವಲ್ಲ. ದತ್ತಾಂಶವನ್ನು ಹೊರತೆಗೆಯುವ ಪ್ರಯೋಗಾಲಯವೊಂದನ್ನೂ ವಿಚಾರಿಸಿದೆ. ಅವರು ಕೇಳಿದ ಮೊತ್ತ ನಮ್ಮ ಮನೆಯ ಶಕ್ತಿಗೆ ಮೀರಿದ್ದು. ಅಷ್ಟು ಕೊಟ್ಟರೂ ಕಡತ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯನ್ನು ಅವರು ಕೊಡಲಿಲ್ಲ. ಅಂಗಡಿಯವರು ಬರೆದುಕೊಟ್ಟ ಚೀಟಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಬೇಕಿದ್ದರೆ ಲ್ಯಾಪ್‌ಟಾಪನ್ನೂ ತಂದು ತೋರಿಸುತ್ತೇನೆ.

ಉಳಿದಿರುವುದು ಏನು ಎಂದು ತಮಗೆ ತಿಳಿಸಬೇಕು. ಜುಲೈ ಮೊದಲ ವಾರ ತಮಗೆ ಮಿಂಚಂಚೆಯಲ್ಲಿ ಕಳುಹಿಸಿದ ಪೀಠಿಕೆ ಮತ್ತು ಮೊದಲ ಅಧ್ಯಾಯ ಹಾಗೆಯೇ ಇವೆ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಹೀಗೆ ಈ ನಗರದ ಕನ್ನಡ ಸಂಸ್ಥೆಗಳು ಹುಟ್ಟಿ ಬೆಳೆದ ಬಗೆ ಅದರಲ್ಲಿದೆ. ಅದನ್ನು ಓದಿ ತಾವು ಅಂಚಿನಲ್ಲಿ ಬರೆದ ಮಾತು ನನಗೆ ಬಾಯಿಪಾಠವಾಗಿದೆ: “ಸಂಸ್ಥೆಗಳು ಬಂದವು. ಹುಡುಗರು ಎಲ್ಲಿ?” ಆ ಪ್ರಶ್ನೆಗೆ ಉತ್ತರವಾಗಿ ಬರೆದ ಎರಡು ಮತ್ತು ಮೂರನೆಯ ಅಧ್ಯಾಯಗಳೇ ಈಗ ಹೋಗಿರುವುದು. ಹಗಲೆಲ್ಲ ಕೋಟೆ ಪ್ರದೇಶದ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತವರು, ಈಗ ಎಪ್ಪತ್ತು ಎಂಬತ್ತು ದಾಟಿದ ಹಿರಿಯರು, ಹೇಳಿದ ಮಾತುಗಳೆಲ್ಲ ಅವುಗಳಲ್ಲಿದ್ದವು.

ಅವರ ಧ್ವನಿ ಮಾತ್ರ ಉಳಿದಿದೆ. ಸಂದರ್ಶನಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದೆ. ಕೈಬರಹದ ಟಿಪ್ಪಣಿ ಪುಸ್ತಕವೂ ಇದೆ. ಆದರೆ ಧ್ವನಿಯನ್ನು ಅಕ್ಷರಕ್ಕೆ ಇಳಿಸಿದ ಪುಟಗಳು, ಅವುಗಳ ವಿಶ್ಲೇಷಣೆ, ಅಡಿಟಿಪ್ಪಣಿ ಯಾವುದೂ ಇಲ್ಲ. ಮಾತಿನ ನಡುವೆ ತುಳುವಿಗೆ ಹೊರಳಿ, ಅಲ್ಲಿಂದ ಮರಾಠಿಗೆ ಹಾಯ್ದು ಮತ್ತೆ ಕನ್ನಡಕ್ಕೆ ಬರುವ ಹಿರಿಯರ ಮಾತನ್ನು ಆತುರದಿಂದ ಬರೆದುಕೊಳ್ಳಲು ಆಗುವುದಿಲ್ಲ. ಒಂದು ಗಂಟೆಯ ಮಾತಿಗೆ ಐದಾರು ಗಂಟೆಯಾದರೂ ಬೇಕು. ಸಮಯ ಕೇಳುತ್ತಿರುವುದು ಮುಖ್ಯವಾಗಿ ಇದಕ್ಕೆ.

ಸೋಮವಾರ ರಾತ್ರಿ ಒಂದು ಮುದ್ರಿಕೆಯನ್ನು ಮತ್ತೆ ಕೇಳಿದೆ. ಕುಂದಾಪುರದ ಕಡೆಯಿಂದ ಹನ್ನೆರಡನೆಯ ವಯಸ್ಸಿಗೆ ಬಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಹಿರಿಯರೊಬ್ಬರದು. ಲೋಟ ತೊಳೆದು ತೊಳೆದು ಬೆರಳ ತುದಿಯ ಚರ್ಮ ಬಿಳಿಚಿ ಸುಕ್ಕಾಗುತ್ತಿತ್ತಂತೆ, ಪೆನ್ಸಿಲು ಹಿಡಿದರೆ ಜಾರುತ್ತಿತ್ತಂತೆ. ತರಗತಿಯಲ್ಲಿ ನಿದ್ದೆ ತೂಗಿದಾಗ ಮೇಷ್ಟ್ರು ಬೈಯುತ್ತಿರಲಿಲ್ಲ. “ಐದು ನಿಮಿಷ ಮಲಗು, ಆಮೇಲೆ ಎಬ್ಬಿಸುತ್ತೇನೆ” ಎಂದು ಉಳಿದವರಿಗೆ ಪಾಠ ಮುಂದುವರಿಸುತ್ತಿದ್ದರು. ಎಸ್.ಎಸ್.ಸಿ. ಪಾಸಾದ ದಿನ ಗಲ್ಲಾದ ಮೇಲಿದ್ದ ಧಣಿ ಅವರನ್ನು ಕರೆದು ಲೆಕ್ಕದ ಪುಸ್ತಕವನ್ನು ಕೈಗಿತ್ತರು. ಇದನ್ನು ಹೇಳುವಾಗ ಅವರ ಮಾತು ನಿಂತು, ಹಿಂದಿನಿಂದ ಅವರ ಮಡದಿ “ನೀರು ಕುಡಿಯಿರಿ” ಎನ್ನುವುದು ಕೇಳಿಸುತ್ತದೆ. ಅಳಿದುಹೋದ ಅಧ್ಯಾಯದಲ್ಲಿ ಈ ಭಾಗವನ್ನು ಅವರ ಮಾತಿನಲ್ಲಿಯೇ ಇಟ್ಟಿದ್ದೆ. ಸಾರಾಂಶವಾಗಿಸಿದರೆ ‘ದುಡಿಯುತ್ತ ಓದಿದರು’ ಎಂಬ ಒಂದು ಸಾಲು ಉಳಿಯುತ್ತದೆ, ಅಷ್ಟೇ.

ಮೇಡಂ, ಬೇಕಿದ್ದರೆ ಸೋಮವಾರವೇ ಹೇಗೋ ಒಂದಿಷ್ಟು ಪುಟ ತುಂಬಿಸಿ ಕೊಡಬಹುದು. ಹಾಗೆ ಕೊಟ್ಟರೆ ಅದರಲ್ಲಿ ಮತ್ತೆ ಸಂಸ್ಥೆಗಳಿರುತ್ತವೆ, ಹುಡುಗರು ಇರುವುದಿಲ್ಲ. ತಮ್ಮ ಮನೆಯ ಬಾಗಿಲು ತೆರೆದು, ಹಳೆಯ ಟ್ರಂಕಿನಿಂದ ಶಾಲೆಯ ದಾಖಲೆ ತೆಗೆದು ತೋರಿಸಿದ ಈ ಹಿರಿಯರಿಗೆ ಅದು ನ್ಯಾಯವಲ್ಲ. ಅವರಲ್ಲಿ ಕೆಲವರು ಪ್ರಬಂಧದ ಪ್ರತಿಗಾಗಿ ಕಾಯುತ್ತಿದ್ದಾರೆ. ಆ ರಾತ್ರಿ ಶಾಲೆಗಳಲ್ಲಿ ಹೆಚ್ಚಿನವು ಇಂದು ಮುಚ್ಚಿವೆ. ಅವರ ನೆನಪನ್ನು ಸರಿಯಾಗಿ ಬರೆದಿಡದಿದ್ದರೆ ಅದನ್ನು ಮತ್ತೆ ಹುಡುಕುವುದಾದರೂ ಎಲ್ಲಿ?

ನನ್ನ ಯೋಜನೆ ಹೀಗಿದೆ. ಆಗಸ್ಟ್ 18ರಂದು ಪೀಠಿಕೆ, ತಮ್ಮ ಸೂಚನೆಯಂತೆ ತಿದ್ದಿದ ಮೊದಲ ಅಧ್ಯಾಯ ಮತ್ತು ಉಳಿದ ಅಧ್ಯಾಯಗಳ ವಿವರವಾದ ರೂಪರೇಷೆಯನ್ನು ಒಪ್ಪಿಸುತ್ತೇನೆ. ಎರಡನೆಯ ಅಧ್ಯಾಯ 25ರ ಸೋಮವಾರ ತಮ್ಮ ಕೈ ಸೇರುತ್ತದೆ. 27ರಂದು ಚೌತಿ, ನಮ್ಮ ಮನೆಯಲ್ಲಿ ಒಂದೂವರೆ ದಿನದ ಗಣಪತಿ. ಆ ಎರಡು ದಿನಗಳನ್ನು ಬಿಟ್ಟೇ ಲೆಕ್ಕ ಹಾಕಿದ್ದೇನೆ. ಪೂರ್ಣ ಪ್ರಬಂಧವನ್ನು ಸೆಪ್ಟೆಂಬರ್ 1ರಂದು ಮುದ್ರಿತ ಪ್ರತಿಯಾಗಿಯೂ ಮಿಂಚಂಚೆಯಲ್ಲಿಯೂ ಸಲ್ಲಿಸುತ್ತೇನೆ. ಸದ್ಯ ಅಣ್ಣನ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಅವನು ಕಚೇರಿಯಿಂದ ಬಂದ ಮೇಲೆಯೇ ಅದು ನನಗೆ ಸಿಗುವುದರಿಂದ ಹಗಲಿನಲ್ಲಿ ಮುದ್ರಿಕೆಗಳನ್ನು ಕೇಳಿ ಕೈಯಲ್ಲಿ ಬರೆದು, ರಾತ್ರಿ ಟೈಪು ಮಾಡುತ್ತೇನೆ. ಪ್ರತಿದಿನದ ಕೆಲಸದ ಒಂದು ನಕಲು ಮಿಂಚಂಚೆಗೂ ಪೆನ್‌ಡ್ರೈವಿಗೂ ಹೋಗುತ್ತಿದೆ.

ತಡವಾದ ಸಲ್ಲಿಕೆಗೆ ಅಂಕ ಕಳೆಯುವ ನಿಯಮವಿದ್ದರೆ ಅದಕ್ಕೆ ನಾನು ಬದ್ಧಳಾಗಿದ್ದೇನೆ. ಸಂದರ್ಶನಗಳ ಧ್ವನಿಮುದ್ರಿಕೆಗಳನ್ನು ತಾವು ಕೇಳಬಯಸಿದರೆ ಮೊಬೈಲಿನಲ್ಲಿ ತರುತ್ತೇನೆ. ಅವರೆಲ್ಲರ ಒಪ್ಪಿಗೆಯ ಪತ್ರಗಳೂ ನನ್ನ ಬಳಿ ಇವೆ.

ಶುಕ್ರವಾರ ಸ್ವಾತಂತ್ರ್ಯ ದಿನ, ಶನಿವಾರ ದಹಿ ಹಂಡಿ. ಹೀಗಾಗಿ ಸೋಮವಾರದ ಮೊದಲು ತಮ್ಮನ್ನು ಕಾಣಲು ನಾಳೆ ಗುರುವಾರ ಒಂದೇ ದಿನವಿದೆ. ತಮ್ಮ ತರಗತಿ ಮುಗಿಯುವ ಹೊತ್ತಿಗೆ ವಿಭಾಗದ ಬಳಿ ಇರುತ್ತೇನೆ. ಬಿಡುವಿದ್ದರೆ ಹತ್ತು ನಿಮಿಷ ಕೊಡಿ. ಇಲ್ಲವಾದರೆ ಈ ಮಿಂಚಂಚೆಗೆ ಒಂದು ಸಾಲು ಉತ್ತರಿಸಿದರೂ ಸಾಕು.

ತಮ್ಮ ವಿಧೇಯ ವಿದ್ಯಾರ್ಥಿನಿ,
ಸ್ವಾತಿ

ಲಗತ್ತು: ರಿಪೇರಿ ಅಂಗಡಿಯ ಚೀಟಿ, ಜುಲೈಯಲ್ಲಿ ಕಳುಹಿಸಿದ ಪೀಠಿಕೆ ಮತ್ತು ಮೊದಲ ಅಧ್ಯಾಯದ ಪ್ರತಿ