ಸ್ಪ್ರಿಂಟ್ 23: ಯಾರ ಬಳಿ ಎಷ್ಟು ಸಮಯವಿದೆ, ಎಷ್ಟು ಕೆಲಸ ಒಪ್ಪಿಕೊಳ್ಳುತ್ತೇವೆ

ತಂಡದ ಎಲ್ಲರಿಗೂ, ಪ್ರಾಡಕ್ಟ್ ಓನರ್ ಅವರಿಗೂ,

ಸೋಮವಾರದ ಪ್ಲಾನಿಂಗ್ ಸಭೆಗೆ ಮೊದಲು ಇದನ್ನು ಒಮ್ಮೆ ಓದಿಕೊಂಡು ಬನ್ನಿ. ಈ ಸಲ ನಾವು 24 ಪಾಯಿಂಟ್‌ಗಿಂತ ಹೆಚ್ಚು ಒಪ್ಪಿಕೊಳ್ಳಬಾರದು ಎಂಬುದು ನನ್ನ ನಿಲುವು. ಕಳೆದ ಮೂರು ಸ್ಪ್ರಿಂಟ್‌ಗಳಲ್ಲಿ ಸರಾಸರಿ 30 ಮುಗಿಸಿದವರು ಏಕಾಏಕಿ 24ಕ್ಕೆ ಇಳಿಯುವುದೇಕೆ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಉತ್ತರ ಕೆಳಗಿನ ಲೆಕ್ಕದಲ್ಲಿದೆ.

ಎರಡು ವಾರ, ಆರು ಜನ, ದಿನಕ್ಕೆ ಎಂಟು ಗಂಟೆ ಎಂದು ಹಿಡಿದರೆ ಕಾಗದದ ಮೇಲೆ 480 ಗಂಟೆ ಕಾಣುತ್ತದೆ. ಎರಡನೇ ವಾರದ ಬುಧವಾರ ಸಾರ್ವಜನಿಕ ರಜೆ. ಹಾಗಾಗಿ ಕೆಲಸದ ದಿನಗಳು ಒಂಬತ್ತು, ಅಂದರೆ 54 ಮಾನವ ದಿನ. ನೀವು ಹಾಕಿರುವ ರಜೆಗಳು ಒಟ್ಟು ಆರೂವರೆ ದಿನ. ಹಿರಿಯ ಬ್ಯಾಕೆಂಡ್ ಎಂಜಿನಿಯರ್ ಮೊದಲ ವಾರದ ಬುಧವಾರದಿಂದ ಶುಕ್ರವಾರದವರೆಗೆ ಇರುವುದಿಲ್ಲ. ಟೆಸ್ಟರ್ ಎರಡನೇ ಸೋಮವಾರ ರಜೆ. ಫ್ರಂಟೆಂಡ್ ಒಬ್ಬರಿಗೆ ಮೊದಲ ಶುಕ್ರವಾರ ಮಧ್ಯಾಹ್ನದ ನಂತರ ರಜೆ, ಇನ್ನೊಬ್ಬರು ಸಾರ್ವಜನಿಕ ರಜೆಗೆ ಹೊಂದಿಸಿಕೊಂಡು ಗುರುವಾರ, ಶುಕ್ರವಾರ ತೆಗೆದುಕೊಂಡಿದ್ದಾರೆ. ಯಾರೂ ರಜೆಯನ್ನು ಮುಂದೂಡಬೇಕಿಲ್ಲ. ಕೆಲಸವನ್ನು ರಜೆಗೆ ಹೊಂದಿಸುವುದಕ್ಕೆಂದೇ ಈ ಲೆಕ್ಕ.

ಸಪೋರ್ಟ್ ಪಾಳಿಯಲ್ಲಿ ಮೊದಲ ವಾರ ಬ್ಯಾಕೆಂಡ್ 2, ಎರಡನೇ ವಾರ ಬ್ಯಾಕೆಂಡ್ 3. ಪಾಳಿಯಲ್ಲಿರುವವರ ಸಮಯವನ್ನು ಸೊನ್ನೆ ಎಂದೇ ಹಿಡಿದಿದ್ದೇನೆ. ಸ್ಪ್ರಿಂಟ್ 21ರಲ್ಲಿ ಅರ್ಧ ದಿನ ಸಿಗುತ್ತದೆಂದು ನಂಬಿ ಎರಡು ಸ್ಟೋರಿ ಕೊಟ್ಟೆವು, ಎರಡೂ ಮುಂದಿನ ಸ್ಪ್ರಿಂಟ್‌ಗೆ ಹೋದವು. ಆ ವಾರ ಟಿಕೆಟ್‌ಗಳೇನೂ ಅಷ್ಟು ಹೆಚ್ಚಿರಲಿಲ್ಲ. ಆದರೆ ಒಂದು ಟಿಕೆಟ್ ಹತ್ತು ಗಂಟೆಗೆ, ಇನ್ನೊಂದು ಹನ್ನೊಂದೂವರೆಗೆ, ಮತ್ತೊಂದು ಎರಡು ಗಂಟೆಗೆ ಬಂದರೆ ನಡುವೆ ಉಳಿಯುವ ತುಣುಕು ಸಮಯದಲ್ಲಿ ಕೋಡ್ ಬರೆಯಲಾಗುವುದಿಲ್ಲ. ಹಿಂದೆ ಎಲ್ಲಿ ನಿಲ್ಲಿಸಿದ್ದೆ ಎಂದು ನೆನಪಿಸಿಕೊಳ್ಳುವಷ್ಟರಲ್ಲಿ ಮುಂದಿನ ಕರೆ ಬಂದಿರುತ್ತದೆ. ಪಾಳಿಯಲ್ಲಿರುವವರಿಗೆ ಬಿಡುವು ಸಿಕ್ಕರೆ ಸಣ್ಣ ದೋಷಗಳನ್ನು ಸರಿಪಡಿಸಲಿ, ಸಪೋರ್ಟ್ ಟಿಪ್ಪಣಿಗಳನ್ನು ತಿದ್ದಲಿ. ಒಪ್ಪಿಕೊಂಡ ಸ್ಟೋರಿ ಅವರ ಹೆಸರಿನಲ್ಲಿ ಬೇಡ. ಸಾರ್ವಜನಿಕ ರಜೆಯ ದಿನವೂ ಫೋನ್ ಬ್ಯಾಕೆಂಡ್ 3 ಅವರ ಬಳಿಯೇ ಇರುತ್ತದೆ. ಅದಕ್ಕೆ ಬದಲಿ ರಜೆಯನ್ನು ಸ್ಪ್ರಿಂಟ್ 24ರ ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತಿಸಿದ್ದೇನೆ, ಆಮೇಲೆ ಮರೆತುಹೋಗುವುದು ಬೇಡ.

ಇಲ್ಲಿಗೆ ಉಳಿದದ್ದು 38.5 ಮಾನವ ದಿನ.

ದಿನಕ್ಕೆ ಎಂಟರ ಬದಲು ಆರು ಗಂಟೆ ಹಿಡಿದಿದ್ದೇನೆ. ಮೇಲ್, ಸಂದೇಶಗಳು, ಬೇರೆ ತಂಡದವರ ಪ್ರಶ್ನೆಗಳು, ಸಣ್ಣಪುಟ್ಟ ಅಡಚಣೆಗಳೆಲ್ಲ ಬಿಟ್ಟಿರುವ ಆ ಎರಡು ಗಂಟೆಯೊಳಗೆ ಬಂದವು. ಸಭೆಗಳು ಅದರೊಳಗಿಲ್ಲ, ಅವನ್ನು ಬೇರೆಯಾಗಿ ಕಳೆದಿದ್ದೇನೆ. ಒಂದೇ ಖರ್ಚನ್ನು ಎರಡು ಸಲ ಕಳೆದರೂ ಲೆಕ್ಕ ಕೆಡುತ್ತದೆ. ಪ್ಲಾನಿಂಗ್ 3 ಗಂಟೆ, ಎರಡನೇ ಮಂಗಳವಾರದ ಬ್ಯಾಕ್‌ಲಾಗ್ ರಿಫೈನ್‌ಮೆಂಟ್ 1.5, ಎರಡನೇ ಗುರುವಾರದ ಮಾಸಿಕ ಸಭೆ 1, ಕೊನೆಯ ಶುಕ್ರವಾರ ರಿವ್ಯೂ 1 ಮತ್ತು ರೆಟ್ರೊ 1.5, ಜೊತೆಗೆ ಪ್ರತಿದಿನ 15 ನಿಮಿಷದ ಸ್ಟ್ಯಾಂಡಪ್. ರಜೆಯ ದಿನದ ಮತ್ತು ಪಾಳಿಯ ದಿನದ ಸಭೆಗಳನ್ನು ಆಯಾ ವ್ಯಕ್ತಿಯ ಲೆಕ್ಕದಿಂದ ಕೈಬಿಟ್ಟಿದ್ದೇನೆ. ಹಿರಿಯ ಬ್ಯಾಕೆಂಡ್ ಅವರಿಗೆ ಮಾತ್ರ ಸಂದರ್ಶನಗಳಿಗೆ 2 ಗಂಟೆ, ವಿನ್ಯಾಸ ಸಭೆಗಳಿಗೆ 3 ಗಂಟೆ ಹೆಚ್ಚುವರಿ. ಫ್ರಂಟೆಂಡ್ 1 ಅವರ ಲೆಕ್ಕ ಹೀಗೆ:

```
(9 - 0.5) * 6 - 10.25 = 40.75
```

ಎಲ್ಲರದ್ದೂ ಇದೇ ರೀತಿ:

| ಯಾರು | ಸಿಗುವ ದಿನ | ಸಭೆ (ಗಂಟೆ) | ಉಳಿದ ಗಂಟೆ |
|---|---|---|---|
| ಹಿರಿಯ ಬ್ಯಾಕೆಂಡ್ | 6 | 14.5 | 21.5 |
| ಬ್ಯಾಕೆಂಡ್ 2 | 4 | 6 | 18 |
| ಬ್ಯಾಕೆಂಡ್ 3 | 5 | 4.25 | 25.75 |
| ಫ್ರಂಟೆಂಡ್ 1 | 8.5 | 10.25 | 40.75 |
| ಫ್ರಂಟೆಂಡ್ 2 | 7 | 6.25 | 35.75 |
| ಟೆಸ್ಟರ್ | 8 | 10 | 38 |
| ಒಟ್ಟು | 38.5 | 51.25 | 179.75 |

480ರಿಂದ ಹೊರಟು ಸುಮಾರು 180ಕ್ಕೆ ಬಂದು ನಿಂತಿದ್ದೇವೆ.

ಪಾಯಿಂಟ್‌ಗಳ ಕಡೆಯಿಂದಲೂ ತಾಳೆ ನೋಡಿದೆ. ಸ್ಪ್ರಿಂಟ್ 20, 21, 22ರಲ್ಲಿ ಮುಗಿಸಿದ್ದು 30, 33, 27. ರಜೆ ಮತ್ತು ಪಾಳಿ ಕಳೆದು ಆಗ ಸಿಕ್ಕಿದ್ದು 47, 49, 44 ಮಾನವ ದಿನ. ಒಟ್ಟು 140 ದಿನಕ್ಕೆ 90 ಪಾಯಿಂಟ್. ಅದೇ ಪ್ರಮಾಣದಲ್ಲಿ 38.5 ದಿನಕ್ಕೆ 24.75 ಬರುತ್ತದೆ, ಕೆಳಕ್ಕೆ ಇಳಿಸಿ 24. ನಡುವೆ ನುಗ್ಗುವ ದೋಷಗಳಿಗೆಂದು ಇದರಿಂದ ಮತ್ತೆ ಶೇಕಡಾ ಹತ್ತೋ ಇಪ್ಪತ್ತೋ ಕಡಿತ ಮಾಡಿಲ್ಲ. ಅಂಥ ದೋಷಗಳಿಗೆ ನಾವು ಪಾಯಿಂಟ್ ಕೊಡುವುದಿಲ್ಲವಾದ್ದರಿಂದ, ಅವು ತಿಂದ ಸಮಯ ಹಿಂದಿನ ಆ 90ರಲ್ಲೇ ಅಡಗಿದೆ.

ಒಟ್ಟು ಗಂಟೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅದು ಹಂಚಿಹೋಗಿರುವ ರೀತಿ. ಮೂವರು ಬ್ಯಾಕೆಂಡ್‌ನವರಿಂದ ಸೇರಿ ಸಿಗುವುದು 65.25 ಗಂಟೆ, ಇಬ್ಬರು ಫ್ರಂಟೆಂಡ್‌ನವರಿಂದ 76.5. ಫ್ರಂಟೆಂಡ್‌ನಲ್ಲಿ ಸಮಯ ಉಳಿದರೆ ಅದು ಬ್ಯಾಕೆಂಡ್ ಕೆಲಸಕ್ಕೆ ಒದಗುವುದಿಲ್ಲ. ಇನ್ನೊಂದು ಸಂಗತಿ ಕ್ಯಾಲೆಂಡರ್ ಎದುರಿಗಿಟ್ಟುಕೊಂಡಾಗಲೇ ಕಣ್ಣಿಗೆ ಬಿದ್ದದ್ದು: ಎರಡನೇ ವಾರದಲ್ಲಿ ಟೆಸ್ಟರ್ ಮತ್ತು ಫ್ರಂಟೆಂಡ್ 2 ಇಬ್ಬರೂ ಒಟ್ಟಿಗೆ ಇರುವುದು ಮಂಗಳವಾರ ಒಂದೇ ದಿನ. ಸೋಮವಾರ ಟೆಸ್ಟರ್ ಇಲ್ಲ, ಬುಧವಾರ ಯಾರೂ ಇಲ್ಲ, ಗುರುವಾರದಿಂದ ಫ್ರಂಟೆಂಡ್ 2 ಇಲ್ಲ. ಫ್ರಂಟೆಂಡ್ 2 ಮಾಡಿದ ಕೆಲಸದಲ್ಲಿ ಗುರುವಾರ ದೋಷ ಸಿಕ್ಕರೆ ತಿದ್ದಲು ಅವರು ಇರುವುದಿಲ್ಲ.

ಹೀಗಾಗಿ ಕೆಲಸವನ್ನು ಈ ರೀತಿ ಹಂಚಬೇಕೆಂದಿದ್ದೇನೆ. ಫಾರ್ಮ್‌ಗಳ ಅಕ್ಸೆಸಿಬಿಲಿಟಿ ತಿದ್ದುಪಡಿ (5 ಪಾಯಿಂಟ್) ಬ್ಯಾಕೆಂಡ್‌ಗಾಗಿ ಕಾಯುವಂಥದ್ದಲ್ಲ. ಫ್ರಂಟೆಂಡ್ 2 ಅದನ್ನು ಮೊದಲ ದಿನವೇ ಶುರುಮಾಡಿ, ಒಂದೊಂದು ಫಾರ್ಮ್ ಮುಗಿದಂತೆಯೇ ಟೆಸ್ಟರ್ ಕೈಗೆ ಕೊಡಲಿ, ಮೊದಲ ಶುಕ್ರವಾರದೊಳಗೆ ಎಲ್ಲವೂ ತಲುಪಿರಲಿ. ಹುಡುಕಾಟ ಪುಟದ ಫಿಲ್ಟರ್ (5) ಫ್ರಂಟೆಂಡ್ 1 ಅವರದು. ಅದರ ಎಪಿಐ ಹೇಗಿರಬೇಕೆಂದು ಹಿರಿಯ ಬ್ಯಾಕೆಂಡ್ ಅವರು ರಜೆಗೆ ಹೋಗುವ ಮೊದಲು, ಮಂಗಳವಾರ ಸಂಜೆಯೊಳಗೆ ನಿರ್ಧರಿಸಿಕೊಡಬೇಕು. ವರದಿ ಡೌನ್‌ಲೋಡ್ (8) ಸ್ಟೋರಿಯ ಬ್ಯಾಕೆಂಡ್ ಭಾಗ 20 ಗಂಟೆಯ ಅಂದಾಜು. ಬ್ಯಾಕೆಂಡ್ 3 ಪಾಳಿಗೆ ಹೋಗುವ ಮುನ್ನ ಮೊದಲ ವಾರದಲ್ಲೇ ಅದನ್ನು ಮುಗಿಸಲಿ, ಪರದೆಯ ಕೆಲಸವನ್ನು ಫ್ರಂಟೆಂಡ್ 1 ಮುಂದುವರಿಸುತ್ತಾರೆ. ಲಾಗಿನ್ ಅವಧಿ ಮುಗಿಯುವ ದೋಷ (3) ಎರಡನೇ ವಾರ ಬ್ಯಾಕೆಂಡ್ 2 ಅವರಿಗೆ, ಅದರ ಪರದೆಯ ಸೂಚನೆ ಸೋಮವಾರ ಫ್ರಂಟೆಂಡ್ 2 ಅವರಿಗೆ. ಟೆಸ್ಟ್ ಆಟೊಮೇಷನ್ (3) ಟೆಸ್ಟರ್ ಅವರದು. ಎಲ್ಲ ಸೇರಿದರೆ 24.

ಟೆಸ್ಟರ್ ಅವರ 38 ಗಂಟೆಯಲ್ಲಿ 36 ಇಲ್ಲಿಗೇ ತುಂಬಿತು. ಎಲ್ಲಾದರೂ ತಡವಾದರೆ ಮೊದಲು ಕೈಬಿಡುವುದು ಆಟೊಮೇಷನ್ ಎಂದು ಈಗಲೇ ಒಪ್ಪಿಕೊಳ್ಳೋಣ.

ಪ್ರಾಡಕ್ಟ್ ಓನರ್ ಅವರೇ, ನೀವು ಕೇಳಿದ್ದ ಬಳಕೆದಾರರ ಅನುಮತಿಗಳ ಮರುವಿನ್ಯಾಸ ಈ ಪಟ್ಟಿಯಲ್ಲಿಲ್ಲ. ಅದಕ್ಕೆ ಬ್ಯಾಕೆಂಡ್‌ನಲ್ಲೇ 40 ಗಂಟೆ ಬೇಕು, ಮೇಲಿನ ಕೆಲಸಗಳಿಗೆ 41 ಹೋದ ಮೇಲೆ ಉಳಿಯುವುದು ಸುಮಾರು 24. ಅದೂ ಮೂವರಲ್ಲಿ ಚೂರುಚೂರಾಗಿ. ಕೋಡ್ ರಿವ್ಯೂ ಕೂಡ ಇದರಲ್ಲೇ ಆಗಬೇಕು. ಎರಡನೇ ವಾರ ಹಿರಿಯ ಬ್ಯಾಕೆಂಡ್ ಅವರು ಮರುವಿನ್ಯಾಸದ ಟಿಪ್ಪಣಿಯೊಂದನ್ನು ಬರೆದಿಡುತ್ತಾರೆ, ಸ್ಪ್ರಿಂಟ್ 24ಕ್ಕೆ ಅದು ಸಿದ್ಧವಿರುತ್ತದೆ. ಮರುವಿನ್ಯಾಸ ಈಗಲೇ ಬೇಕೆಂದಾದರೆ ವರದಿ ಡೌನ್‌ಲೋಡ್ ಅನ್ನು ತೆಗೆಯಬೇಕಾಗುತ್ತದೆ. ಆಗಲೂ ವಿನ್ಯಾಸ ಮಾಡಬೇಕಾದವರು ಮೊದಲ ವಾರ ಇರುವುದು ಎರಡೇ ದಿನ ಎಂಬುದನ್ನು ಗಮನದಲ್ಲಿಟ್ಟುಕೊಂಡು ತೀರ್ಮಾನಿಸಿ.

ಇನ್ನೂ ನಮೂದಿಸದ ರಜೆ, ವೈದ್ಯರ ಭೇಟಿ, ತರಬೇತಿ ಏನಿದ್ದರೂ ಸೋಮವಾರ ಬೆಳಿಗ್ಗೆ ಹತ್ತರೊಳಗೆ ನನಗೆ ತಿಳಿಸಿ. ಕಾರಣ ಹೇಳಬೇಕಿಲ್ಲ, ದಿನ ಹೇಳಿದರೆ ಸಾಕು. ಹತ್ತೂವರೆಗೆ ಪ್ಲಾನಿಂಗ್ ಶುರುವಾಗುವಾಗ ಕೋಷ್ಟಕವನ್ನು ತಿದ್ದಿ ತಂದಿರುತ್ತೇನೆ.

ನಿಮ್ಮ ಸ್ಕ್ರಮ್ ಮಾಸ್ಟರ್